ಬಾಡಿಗೆ ಮನೆಗೆ ಸ್ಮಾರ್ಟ್ ಸ್ವಿಚ್: ಓನರ್‌ಗೆ ನಾನು ಬರೆದ ಪತ್ರ

ಬೆಂಗಳೂರಿನ ಬಾಡಿಗೆ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಯಾವ ಮಾರ್ಪಾಡನ್ನೂ ಮಾಡಬಾರದು ಎಂದು. ಮೊಳೆ ಹೊಡೆದರೂ ಈ ಸಾಲನ್ನೇ ತೋರಿಸುತ್ತಾರೆ. ಇನ್ನು ಸ್ವಿಚ್‌ಬೋರ್ಡ್ ಬಿಚ್ಚಿದರೆ ಕೇಳಬೇಕೇ?

ಕಾನೂನು ನಮ್ಮ ಕಡೆ ಇಲ್ಲವೇ ಅಂದರೆ, ಸ್ವಲ್ಪ ಇದೆ. ಬಾಡಿಗೆದಾರ ತಾನು ಜೋಡಿಸಿದ್ದನ್ನು ಮನೆ ಬಿಡುವ ಮೊದಲು ತೆಗೆದುಕೊಂಡು ಹೋಗಬಹುದು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು ಎನ್ನುವ ಅರ್ಥದ ಮಾತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿದೆ. ಆದರೆ ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಕರಾರಿನ ಮಾತೇ ನಡೆಯುತ್ತದೆ. ಹಾಗಾಗಿ ಪತ್ರ ಬರೆಯಲೇಬೇಕಿತ್ತು. ನಮ್ಮ ಓನರ್ ಕೆಳಗಿನ ಮನೆಯಲ್ಲೇ ಇದ್ದಾರೆ, ಒಳ್ಳೆಯವರು, ಬಾಯಿಮಾತಿನಲ್ಲಿ ಕೇಳಿದರೆ ಹೂಂ ಅಂದುಬಿಡುತ್ತಿದ್ದರು. ಆದರೆ ನಾಳೆ ಅಡ್ವಾನ್ಸ್ ಲೆಕ್ಕ ಮಾಡುವವರು ಅವರ ಮಗ ಆಗಿರಬಹುದು. ಅವರಿಗೆ ಬಾಯಿಮಾತು ಗೊತ್ತಿರುವುದಿಲ್ಲ.

ನಮಗೆ ಬೇಕಾಗಿದ್ದು ದೊಡ್ಡದೇನಲ್ಲ. ಅಮ್ಮನಿಗೆ ಮಂಡಿನೋವು. ಹಾಲ್ ಮತ್ತು ಅವರ ರೂಮಿನ ಲೈಟು, ಫ್ಯಾನು ಮಂಚದಿಂದಲೇ ಆನ್ ಆಗಬೇಕು. ರಾತ್ರಿ ಬಾತ್‌ರೂಮಿಗೆ ಎದ್ದರೆ ಪ್ಯಾಸೇಜ್ ಲೈಟು ತಾನೇ ಹತ್ತಬೇಕು. ಮುಂಬಾಗಿಲು ತೆರೆದೇ ಉಳಿದರೆ ನನ್ನ ಫೋನಿಗೆ ಗೊತ್ತಾಗಬೇಕು.

ಪತ್ರ ಬರೆಯುವ ಮೊದಲು ಬೋರ್ಡ್‌ಗಳ ಒಳಗೆ ಏನಿದೆ ಎಂದು ತಿಳಿಯಬೇಕಿತ್ತು. ಗೊತ್ತಿಲ್ಲದೆ 'ಏನೂ ಹಾಳಾಗಲ್ಲ' ಎಂದು ಬರೆದರೆ ಅದು ಬರೀ ಮಾತು. 'ಅಂಕಲ್, ಬಿಚ್ಚಿ ನೋಡೋಕೆ ಮಾತ್ರ' ಅಂತ ಕೇಳಿ, ಪರ್ಮಿಟ್ ಇರುವ ವೈರ್‌ಮ್ಯಾನ್ ಒಬ್ಬರನ್ನು ಕರೆಸಿ, ಎಂಸಿಬಿ ಆಫ್ ಮಾಡಿಸಿ ಪ್ಲೇಟ್ ತೆಗೆಸಿದೆ.

ನಾವು ಮೊದಲು ಹುಡುಕಿದ್ದು ನ್ಯೂಟ್ರಲ್ ವೈರು. ಮಾಮೂಲಿ ಸ್ವಿಚ್ಚಿಗೆ ನ್ಯೂಟ್ರಲ್ ಬೇಡ, ಅದು ಫೇಸ್ ವೈರನ್ನು ಕಡಿದು ಕೂಡಿಸುತ್ತದೆ ಅಷ್ಟೇ. ಲೈಟು, ಫ್ಯಾನನ್ನು ದೂರದಿಂದಲೇ ಆನ್ ಆಫ್ ಮಾಡಲು ಸ್ವಿಚ್ಚಿನ ಹಿಂದೆ ಕೂರಿಸುವ ರಿಲೇ ಮಾಡ್ಯೂಲ್ ಹಾಗಲ್ಲ. ಅದು ಸದಾ ಎಚ್ಚರ ಇರಬೇಕು, ಅದಕ್ಕೆ ಫೇಸೂ ಬೇಕು, ನ್ಯೂಟ್ರಲ್ಲೂ ಬೇಕು. ನಮ್ಮ ಕಡೆ ಒಂದು ಅನುಕೂಲ ಇದೆ. ಬೋರ್ಡಿನಲ್ಲಿ ಪ್ಲಗ್ ಸಾಕೆಟ್ ಇದ್ದರೆ ಅಲ್ಲಿ ನ್ಯೂಟ್ರಲ್ ಬಂದೇ ಇರುತ್ತದೆ. ಎದುರಿನಿಂದ ನೋಡಿದರೆ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಹಾಲ್ ಮತ್ತು ರೂಮಿನ ಬೋರ್ಡುಗಳಲ್ಲಿ ಸಾಕೆಟ್ ಇತ್ತು. ಪ್ಯಾಸೇಜ್ ಬೋರ್ಡಿನಲ್ಲಿ ಬರೀ ಎರಡು ಸ್ವಿಚ್ಚು, ನ್ಯೂಟ್ರಲ್ ಇಲ್ಲ.

ಇಂಥ ಕಡೆ ಕೆಲವರು ಅರ್ತ್ ವೈರನ್ನೇ ನ್ಯೂಟ್ರಲ್ ಮಾಡಿ ಕೊಟ್ಟುಬಿಡುತ್ತಾರೆ. ಲೈಟೂ ಹತ್ತುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಇರುವ ಮನೆಯಲ್ಲಿ ಅದು ಟ್ರಿಪ್ ಆಗಿ ಕಳ್ಳತನ ಹೊರಬೀಳಬಹುದು. ಆರ್‌ಸಿಸಿಬಿ ಇಲ್ಲದ ಹಳೇ ಮನೆಯಲ್ಲಿ ಗೊತ್ತೇ ಆಗುವುದಿಲ್ಲ. ಎಲ್ಲೋ ಅರ್ತ್ ಸಂಪರ್ಕ ಕಡಿದ ದಿನ ಫ್ರಿಜ್ಜಿನ ಮೈಯಲ್ಲೋ ಗೀಸರಿನ ಮೈಯಲ್ಲೋ ಶಾಕ್ ಹೊಡೆಯುತ್ತದೆ. ಮಲ್ಟಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಫೇಸ್‌ನಿಂದ ಅರ್ತ್‌ಗೂ ಸುಮಾರು 230 ವೋಲ್ಟೇ ತೋರಿಸುತ್ತದೆ. ವೈರು ಎಲ್ಲಿಂದ ಬಂದಿದೆ ಎಂದು ಹಿಡಿದು ನೋಡುವುದೇ ದಾರಿ. ಹಾಗಾಗಿ ಪ್ಯಾಸೇಜ್ ಬೋರ್ಡನ್ನು ಕೈಬಿಟ್ಟೆವು. ಅಲ್ಲಿನ ಹೋಲ್ಡರಿಗೆ ಸ್ಮಾರ್ಟ್ ಬಲ್ಬ್ ಹಾಕಿ, ಬ್ಯಾಟರಿ ಸೆನ್ಸರ್ ಜೊತೆ ಜೋಡಿಸಿದರೆ ಸಾಕು ಎಂದು ತೀರ್ಮಾನಿಸಿದೆವು. ಬಲ್ಬ್ ಬದಲಾಯಿಸಲು ಯಾರ ಒಪ್ಪಿಗೆಯೂ ಬೇಡ. ಒಂದೇ ತೊಂದರೆ, ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಅಮ್ಮ ಅಭ್ಯಾಸಬಲದಿಂದ ಆರಿಸುತ್ತಾರೆ ಅಂತ ಅದರ ಮೇಲೊಂದು ಟೇಪು.

ಎರಡನೆಯದು ಜಾಗ. ಗೋಡೆಯೊಳಗಿನ ಬಾಕ್ಸಿನಲ್ಲಿ, ಸ್ವಿಚ್ಚಿನ ಹಿಂದೆ ವೈರುಗಳನ್ನೆಲ್ಲ ಬದಿಗೆ ಸರಿಸಿದ ಮೇಲೂ ಒಂದು ಬೆಂಕಿಪೊಟ್ಟಣದಷ್ಟು ಜಾಗ ಉಳಿಯಬೇಕು. ತುರುಕಿ ಸ್ಕ್ರೂ ಬಿಗಿದರೆ ವೈರು ನಜ್ಜುಗುಜ್ಜಾಗುತ್ತದೆ. ನಮ್ಮಲ್ಲಿ ಜಾಗ ಇತ್ತು. ಮೂರನೆಯದು ಯುಪಿಎಸ್ ಲೈನು. ಓನರ್ ಹಾಕಿಸಿದ್ದ ಯುಪಿಎಸ್‌ನಿಂದ ಒಂದು ಲೈಟು, ಒಂದು ಫ್ಯಾನಿಗೆ ಬೇರೆ ಫೇಸ್ ಬಂದಿತ್ತು. ಮಾಡ್ಯೂಲಿಗೆ ಮೇನ್ಸ್ ಫೇಸ್ ಕೊಟ್ಟರೆ ಕರೆಂಟ್ ಹೋದಾಗ ಮಾಡ್ಯೂಲ್ ಸತ್ತು, ಯುಪಿಎಸ್ ಇದ್ದೂ ಫ್ಯಾನ್ ತಿರುಗುವುದಿಲ್ಲ. ಅದಕ್ಕೆ ಮಾಡ್ಯೂಲಿಗೂ ಯುಪಿಎಸ್ ಫೇಸನ್ನೇ ಕೊಡಬೇಕು, ಆ ಲೈಟು ಫ್ಯಾನು ಬಿಟ್ಟು ಬೇರೆ ಲೋಡನ್ನು ಅದಕ್ಕೆ ಸೇರಿಸಬಾರದು.

ಚಂದದ ಗಾಜಿನ ಟಚ್ ಪ್ಯಾನೆಲ್ ನನಗೂ ಇಷ್ಟ. ಆದರೆ ಅದಕ್ಕೆ ಇಡೀ ಪ್ಲೇಟನ್ನೇ ಬದಲಾಯಿಸಬೇಕು, ಹಳೇ ಸ್ವಿಚ್ಚುಗಳನ್ನು ಜೋಪಾನ ಮಾಡಬೇಕು. ಬಾಡಿಗೆ ಮನೆಗೆ ಅದು ಬೇಡ. ಮಾಡ್ಯೂಲ್ ಹಾಕಿದರೆ ಹೊರಗಿನಿಂದ ಏನೂ ಬದಲಾಗಿರುವುದಿಲ್ಲ, ಹಳೇ ಸ್ವಿಚ್ ಒತ್ತಿದರೂ ಲೈಟ್ ಹತ್ತುತ್ತದೆ. ಓನರ್‌ಗೆ ಒಪ್ಪಿಸಲು ಇದೇ ದೊಡ್ಡ ಅಂಶ.

ಇಷ್ಟು ಗೊತ್ತಾದ ಮೇಲೆ ಪತ್ರ ಸಲೀಸಾಯಿತು. 'ಸ್ಮಾರ್ಟ್ ಹೋಮ್' ಅನ್ನುವ ವರ್ಣನೆಯನ್ನೆಲ್ಲ ಬಿಟ್ಟೆ. ಓನರ್‌ಗೆ ಅದರಿಂದ ಏನಾಗಬೇಕು? ಅವರ ತಲೆಯಲ್ಲಿ ಓಡುವುದು ಶಾರ್ಟ್ ಸರ್ಕ್ಯೂಟು, ಗೋಡೆಯ ಪೇಂಟು, ಕ್ಯಾಮೆರಾ, ಖರ್ಚು. ಅದಕ್ಕೇ ಉತ್ತರ ಬರೆದೆ. ಪತ್ರ ಹೀಗಿತ್ತು:

"ಮಾನ್ಯರೇ,

ವಿಷಯ: ಮೊದಲ ಮಹಡಿಯ ಮನೆಯ ಎರಡು ಸ್ವಿಚ್‌ಬೋರ್ಡುಗಳಲ್ಲಿ, ಮತ್ತೆ ಮೊದಲಿನಂತೆ ಮಾಡಬಹುದಾದ ಸ್ಮಾರ್ಟ್ ಮಾಡ್ಯೂಲ್ ಮತ್ತು ಸೆನ್ಸರ್ ಹಾಕಲು ಒಪ್ಪಿಗೆ ಕೋರಿ.

ತಾಯಿಯವರ ಮಂಡಿನೋವಿನ ಕಾರಣ ಹಾಲ್ ಮತ್ತು ಅವರ ರೂಮಿನ ಲೈಟ್, ಫ್ಯಾನ್‌ಗಳನ್ನು ಕುಳಿತಲ್ಲಿಂದಲೇ ಹಾಕುವಂತೆ ಮಾಡಬೇಕೆಂದಿದ್ದೇನೆ. ಈ ಎರಡು ಬೋರ್ಡುಗಳ ಒಳಗೆ, ಈಗಿರುವ ಸ್ವಿಚ್ಚುಗಳ ಹಿಂದೆ ತಲಾ ಒಂದು ಮಾಡ್ಯೂಲ್ ಕೂರುತ್ತದೆ. ತಮ್ಮ ಸ್ವಿಚ್, ಪ್ಲೇಟ್, ರೆಗ್ಯುಲೇಟರ್ ಯಾವುದೂ ಬದಲಾಗುವುದಿಲ್ಲ, ಮೊದಲಿನಂತೆಯೇ ಕೆಲಸ ಮಾಡುತ್ತವೆ. ಗೋಡೆ ಕೊರೆಯುವುದಿಲ್ಲ. ತಮ್ಮ ವೈರುಗಳನ್ನು ಕತ್ತರಿಸುವುದಿಲ್ಲ.

ಗೀಸರ್, ಎ.ಸಿ., ನೀರಿನ ಮೋಟರ್ ಮತ್ತು 16 ಆಂಪಿಯರ್ ಸಾಕೆಟ್‌ಗಳನ್ನು ಮುಟ್ಟುವುದಿಲ್ಲ. ಮೀಟರ್ ಬೋರ್ಡನ್ನೂ ಮುಟ್ಟುವುದಿಲ್ಲ.

ಕೆಲಸವನ್ನು ಪರ್ಮಿಟ್ ಇರುವ ವೈರ್‌ಮ್ಯಾನ್ ಮಾಡುತ್ತಾರೆ. ಅವರ ಪರ್ಮಿಟ್ ನಕಲು ಲಗತ್ತಿಸಿದ್ದೇನೆ. ತಾವು ನಂಬುವ ಎಲೆಕ್ಟ್ರಿಷಿಯನ್ ಇದ್ದರೆ ಅವರಿಂದಲೇ ಮಾಡಿಸಲೂ ಸಿದ್ಧ. ಪೂರ್ತಿ ಖರ್ಚು ನನ್ನದು.

ಮುಂಬಾಗಿಲಿಗೆ ಒಂದು, ಪ್ಯಾಸೇಜಿಗೆ ಒಂದು ಬ್ಯಾಟರಿ ಸೆನ್ಸರ್ ಇಡುತ್ತೇನೆ. ಬಾಗಿಲಿನದು ತೆರೆದಿದೆಯೋ ಮುಚ್ಚಿದೆಯೋ ಎಂದು ಮಾತ್ರ ತಿಳಿಸುತ್ತದೆ. ಪ್ಯಾಸೇಜಿನದು ಯಾರೋ ಓಡಾಡಿದರು ಎಂದು ಮಾತ್ರ ತಿಳಿಸುತ್ತದೆ. ಎರಡರಲ್ಲೂ ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಮೆಟ್ಟಿಲು, ಗೇಟು, ತಮ್ಮ ಮನೆಯ ಕಡೆ ಏನನ್ನೂ ಹಾಕುವುದಿಲ್ಲ.

ಮನೆ ಖಾಲಿ ಮಾಡುವ ಮೊದಲು ಎಲ್ಲವನ್ನೂ ತೆಗೆಸಿ, ಲಗತ್ತಿಸಿರುವ ಫೋಟೋದಲ್ಲಿ ಇರುವಂತೆಯೇ ವೈರು ಜೋಡಿಸಿ, ತಮ್ಮ ಎದುರಿಗೆ ಪ್ರತಿ ಸ್ವಿಚ್ಚನ್ನೂ ಹಾಕಿ ತೋರಿಸುತ್ತೇನೆ. ಈ ಕೆಲಸದಿಂದ ಬೋರ್ಡಿಗಾಗಲಿ ಗೋಡೆಗಾಗಲಿ ಹಾನಿಯಾದರೆ ಸರಿಪಡಿಸುವ ಹೊಣೆ ನನ್ನದು. ಸರಿಪಡಿಸದಿದ್ದರೆ ಬಿಲ್ಲಿನಷ್ಟು ಹಣವನ್ನು ಅಡ್ವಾನ್ಸ್‌ನಿಂದ ಹಿಡಿದುಕೊಳ್ಳಬಹುದು.

ಒಪ್ಪಿಗೆ ಇದ್ದರೆ ಕೆಳಗೆ ಸಹಿ ಮಾಡಿ, ಷರತ್ತು ಇದ್ದರೆ ಅದನ್ನೂ ಬರೆದು ಕೊಡಬೇಕಾಗಿ ವಿನಂತಿ."

'ಬಿಲ್ಲಿನಷ್ಟು' ಅನ್ನುವ ಮಾತನ್ನು ಬೇಕೆಂದೇ ಹಾಕಿದ್ದು. ಹೊಣೆ ನನ್ನದು ಎಂದಷ್ಟೇ ಬರೆದರೆ, ಹಳೇ ವೈರಿಂಗಿನ ಕಾಯಿಲೆಗೆಲ್ಲ ನಾನೇ ಔಷಧಿ ಕೊಡಿಸಬೇಕಾಗುತ್ತದೆ. 'ಈ ಕೆಲಸದಿಂದ' ಎಂಬ ಮಾತೂ ಅದಕ್ಕೇ. ಪತ್ರದ ಜೊತೆ ಎರಡೂ ಬೋರ್ಡುಗಳ ಫೋಟೋ ಇಟ್ಟೆ. ಮುಂಭಾಗದ್ದು ಒಂದು, ಬಿಚ್ಚಿದ ಒಳಭಾಗದ್ದು ಒಂದು. ಒಳಗಿನ ಪ್ರತಿ ವೈರಿಗೂ ನಂಬರ್ ಬರೆದ ಟೇಪ್ ಸುತ್ತಿಸಿಯೇ ಫೋಟೋ ತೆಗೆದಿದ್ದೆ. ಹಾಲ್ ಸಾಕೆಟ್ಟಿನ ಒಂದು ಮೂಲೆ ಮೊದಲೇ ಕರಗಿತ್ತು, ಅದೂ ಫೋಟೋದಲ್ಲಿ ಬಂತು. ಒಳ್ಳೆಯದೇ ಆಯಿತು.

ಓನರ್ ಪತ್ರ ಓದಿ ಕರೆದರು. 'ಅಲ್ಲಪ್ಪಾ, ಇದು ಯಾವಾಗ್ಲೂ ಆನ್ ಇರುತ್ತಲ್ಲ, ಕರೆಂಟ್ ಜಾಸ್ತಿ ತಗೊಳ್ಳಲ್ವಾ?' ಅಂದರು. ಇದು ಪತ್ರದಲ್ಲಿ ಇರಲಿಲ್ಲ. ಒಂದು ಮಾಡ್ಯೂಲ್ ಸದಾ 1 ವ್ಯಾಟ್ ಎಳೆಯುತ್ತದೆ ಎಂದೇ ಹಿಡಿದರೂ, 24 ಗಂಟೆ, 30 ದಿನಕ್ಕೆ 0.72 ಯೂನಿಟ್. ಎರಡಕ್ಕೆ ತಿಂಗಳಿಗೆ ಒಂದೂವರೆ ಯೂನಿಟ್ಟೂ ಇಲ್ಲ. ನಮ್ಮದು ಬೇರೆ ಮೀಟರ್ ಅಂಕಲ್ ಎಂದೆ. ಮತ್ತೆ, ಗೀಸರ್ ಯಾಕೆ ಬಿಟ್ಟೆ ಎಂದೂ ಕೇಳಿದರು. 3,000 ವ್ಯಾಟಿನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ, ಈ ಪುಟ್ಟ ಮಾಡ್ಯೂಲ್ ಅಷ್ಟಕ್ಕೆ ಮಾಡಿದ್ದಲ್ಲ, ಒಳಗಿನ ರಿಲೇ ಬಿಸಿಯಾಗಿ ಕರಗಬಹುದು ಎಂದು ಹೇಳಿದೆ. ಏನನ್ನು ಮಾಡುವುದಿಲ್ಲ ಎಂದು ಹೇಳಿದ್ದೇ ಅವರಿಗೆ ಹೆಚ್ಚು ಧೈರ್ಯ ಕೊಟ್ಟಿತು ಅನ್ನಿಸುತ್ತದೆ. ಸಹಿ ಹಾಕಿ, ಕೆಳಗೆ ಒಂದು ಷರತ್ತು ಬರೆದರು: ಕೆಲಸ ನಡೆಯುವಾಗ ತಾನು ಅಲ್ಲಿರಬೇಕು. ಒಂದು ಪ್ರತಿ ಅವರಿಗೆ, ಒಂದು ನನಗೆ.

ಕೆಲಸದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಸ್ವಿಚ್ಚಿನಿಂದ ಲೈಟಿಗೆ ಹೋಗುವ ಹಳೇ ವೈರನ್ನು ಬಿಚ್ಚಿ ಮಾಡ್ಯೂಲಿಗೆ ಕೊಟ್ಟರು. ಸ್ವಿಚ್ಚಿನ ಆ ಜಾಗದಿಂದ ಮಾಡ್ಯೂಲಿಗೆ ಹೊಸ ಗಿಡ್ಡ ವೈರು ಹಾಕಿದರು. ವಾಪಸ್ ಮಾಡುವಾಗ ಗಿಡ್ಡ ವೈರು ಎಸೆದು ಹಳೇ ವೈರನ್ನು ಅದೇ ಸ್ಕ್ರೂ ಕೆಳಗೆ ಇಟ್ಟರೆ ಮುಗಿಯಿತು. ಫ್ಯಾನಿಗೆ ಮಾಡ್ಯೂಲ್ ಬರೀ ಆನ್ ಆಫ್ ಮಾಡುತ್ತದೆ, ಸ್ಪೀಡು ಹಳೇ ರೆಗ್ಯುಲೇಟರಿನದೇ. ಎಲ್ಲ ಲೈಟು ಫ್ಯಾನು ಒಟ್ಟಿಗೆ ಹಾಕಿ ಅರ್ಧ ಗಂಟೆ ಬಿಟ್ಟು, ಪ್ಲೇಟ್ ಮುಟ್ಟಿ ಬಿಸಿ ಇದೆಯಾ ನೋಡಿದೆವು. ಆರ್‌ಸಿಸಿಬಿ ಟ್ರಿಪ್ ಆಗಲಿಲ್ಲ. ಮೇನ್ಸ್ ಆಫ್ ಮಾಡಿ ಯುಪಿಎಸ್ ಮೇಲೆ ಫ್ಯಾನ್ ತಿರುಗುತ್ತದಾ ಎಂದೂ ಓನರ್ ಎದುರೇ ನೋಡಿದೆವು.

ಸೆನ್ಸರ್ ಅಂಟಿಸುವಾಗ ಗೋಡೆ ನೋಡಬೇಕು. ಡಿಸ್ಟೆಂಪರ್ ಹೊಡೆದ ಗೋಡೆಯಿಂದ ಡಬಲ್ ಸೈಡ್ ಟೇಪ್ ಕಿತ್ತರೆ ಬಣ್ಣದ ಪದರವೇ ಎದ್ದು ಬರುತ್ತದೆ. ಬಾಗಿಲಿನದನ್ನು ಮರದ ಚೌಕಟ್ಟಿಗೆ ಅಂಟಿಸಿದೆ, ಪ್ಯಾಸೇಜಿನದನ್ನು ಶೂ ರ‍್ಯಾಕ್ ಮೇಲೆ ಸುಮ್ನೆ ಇಟ್ಟೆ. ತೆಗೆಯುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಗಟ್ಟಿ ದಾರವನ್ನು ಹಿಂದೆ ತೂರಿಸಿ ಗರಗಸದಂತೆ ಎಳೆದರೆ ಪಾಲಿಶ್ ಉಳಿಯುತ್ತದೆ.

ಒಂದು ವಿಷಯ ಮರೆಯಬಾರದು. ಕರಾರು 11 ತಿಂಗಳದ್ದು. ಹೊಸದಾಗಿ ಬರೆಸಿದಾಗ 'ಮಾರ್ಪಾಡು ಮಾಡಬಾರದು' ಅನ್ನುವ ಸಾಲು ಮತ್ತೆ ಹಾಗೇ ಬರುತ್ತದೆ, ಹಳೇ ಒಪ್ಪಿಗೆ ಅದಕ್ಕೆ ಅನ್ವಯಿಸುತ್ತದೋ ಇಲ್ಲವೋ ಎಂಬ ವಾದಕ್ಕೆ ಎಡೆಯಾಗುತ್ತದೆ. ನಾವು ಹೊಸ ಕರಾರಿನಲ್ಲಿ ಆ ಸಾಲಿನ ಕೆಳಗೆ, ಮೊದಲು ಕೊಟ್ಟ ಲಿಖಿತ ಒಪ್ಪಿಗೆಯಂತೆ ಹಾಕಿರುವ ಮಾಡ್ಯೂಲ್ ಮತ್ತು ಸೆನ್ಸರ್‌ಗಳು ಹಾಗೇ ಮುಂದುವರಿಯುತ್ತವೆ, ಅವು ಬಾಡಿಗೆದಾರರ ಸ್ವತ್ತು ಎಂದು ಸೇರಿಸಿ, ಪತ್ರದ ಪ್ರತಿಯನ್ನು ಕರಾರಿಗೆ ಪಿನ್ ಮಾಡಿಸಿದೆವು.