ಹನ್ನೊಂದು ಪಿಕ್ಸೆಲ್‌ ಮುಖಕ್ಕೆ ಆ್ಯಪ್ ಹಾಕಿದ ಕಣ್ಣು ಮೂಗು: ಸಕಲೇಶಪುರದ ಕಾಫಿ ಕಣದಲ್ಲಿ ನನ್ನ ಅನುಭವ

ನಾನು ಹಾಸನದಲ್ಲಿ ಸಿಸಿಟಿವಿ ಹಾಕೋ ಕೆಲಸ ಮಾಡ್ತೀನಿ, ಅಂಗಡಿ, ಮದುವೆ ಹಾಲ್, ಸಕಲೇಶಪುರ ಬೇಲೂರು ಕಡೆ ತೋಟದ ಮನೆಗಳು, ಎಲ್ಲಾ ಕಡೆ ಓಡಾಡ್ತೀನಿ. ಜನವರಿಲಿ ಸಕಲೇಶಪುರದ ಹತ್ರ ಒಂದು ತೋಟದಿಂದ ಸಾಹುಕಾರ್ರು ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿದ್ರು. ರಾತ್ರಿ ಕಣದ ಗೋಡೌನ್ ಬೀಗ ಒಡೆದು ಚೆರಿ ಕಾಫಿ ಮೂಟೆ ಎತ್ತಿದಾರೆ, ಕ್ಯಾಮೆರಾದಲ್ಲಿ ಬಿದ್ದಿದಾನೆ, "ಮುಖ ಚೆನ್ನಾಗಿ ಬಂದಿದೆ ಕಣಪ್ಪ, ನೀನು ಬಂದು ಅದನ್ನ ಪೆನ್‌ಡ್ರೈವ್‌ಗೆ ಹಾಕ್ಕೊಡು, ಕಂಪ್ಲೇಂಟ್ ಕೊಡ್ಬೇಕು" ಅಂದ್ರು. ಮುಖ ಚೆನ್ನಾಗಿ ಬಂದಿದೆ ಅಂದಾಗ್ಲೇ ನಂಗೆ ಅನುಮಾನ, ಯಾಕಂದ್ರೆ ಆ ಕ್ಯಾಮೆರಾ ಹಾಕಿದ್ದು ನಾನೇ, ರಾತ್ರಿ ಹೊತ್ತಲ್ಲಿ ಅದು ಎಷ್ಟು ಕೊಡುತ್ತೆ ಅಂತ ನಂಗೆ ಗೊತ್ತು.

ನಾನು ಹೋಗೋ ಹೊತ್ತಿಗೆ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಓಡ್ತಾ ಇತ್ತು. ಇಪ್ಪತ್ತೈದು ವರ್ಷದ ಆಸುಪಾಸಿನ ಹುಡುಗ, ತೆಳು ಮೀಸೆ, ಕಣ್ಣು ಮೂಗು ತುಟಿ ಎಲ್ಲಾ ಸ್ಟುಡಿಯೋಲಿ ತೆಗೆದಂಗೆ. ಅದನ್ನ ನೋಡಿದ ತೋಟದ ಲೆಕ್ಕ ಬರೆಯೋ ರೈಟರು, ಕೆಲಸದವರ ಲೈನ್ ಮನೆಯವರು, ಪಕ್ಕದ ತೋಟದವರು ಎಲ್ಲರೂ ಒಂದೇ ಮಾತು, ಇವನು ನಮ್ಮ ಟ್ರಾಕ್ಟರ್ ಡ್ರೈವರೇ ಅಂತ. ಆ ಹುಡುಗ ಕಣದ ಮೂಲೇಲಿ ನಿಂತಿದ್ದ, ಅವನ ತಾಯಿ ಲೈನ್ ಮನೆ ಬಾಗ್ಲಲ್ಲಿ ಅಳ್ತಾ ಇದ್ರು. ಅವನು ನನ್ನ ಹತ್ರ ಬಂದು "ಅಣ್ಣ ನಾನು ರಾತ್ರಿ ಮನೇಲೇ ಇದ್ದೆ, ಆದ್ರೆ ಆ ಫೋಟೋ ನೋಡಿದ್ರೆ ನಂಗೇ ನಾನು ಅನ್ಸುತ್ತೆ" ಅಂದ. ಆ ಮಾತು ಕೇಳಿ ನಂಗೆ ಹೊಟ್ಟೆ ಕಿವುಚಿದಂಗಾಯ್ತು.

ಫೋಟೋ ಎಲ್ಲಿಂದ ಬಂತು ಅಂತ ಕೇಳಿದೆ. ಸಾಹುಕಾರ್ರ ಮಗ ಬೆಂಗಳೂರಲ್ಲಿದ್ದಾನೆ, ಅಲ್ಲಿಂದ್ಲೇ ಮೊಬೈಲ್ ಆ್ಯಪಲ್ಲಿ ರಾತ್ರಿ ರೆಕಾರ್ಡಿಂಗ್ ನೋಡಿ, ಸ್ಕ್ರೀನ್‌ಶಾಟ್ ತೆಗೆದು, ಮುಖದ ಭಾಗ ಕತ್ತರಿಸಿ, ಫೋಟೋ ಕ್ಲಿಯರ್ ಮಾಡೋ ಆ್ಯಪ್‌ಗೆ ಹಾಕಿ ಗ್ರೂಪಿಗೆ ಬಿಟ್ಟಿದ್ದ. ಅವನದು ಒಳ್ಳೆ ಮನಸ್ಸೇ, ಮೋಸ ಮಾಡೋ ಉದ್ದೇಶ ಇಲ್ಲ. ಆದ್ರೆ ಡೀಪ್‌ಫೇಕ್ ಅಂದ್ರೆ ನಮ್ಮ ಜನಕ್ಕೆ ಯಾರೋ ಬೇಕಂತ ಮುಖ ಬದಲಾಯಿಸಿದ ವಿಡಿಯೋ ಅಂತಲೇ ತಲೇಲಿದೆ, ಹಿಂಗೆ ಕ್ಲಿಯರ್ ಮಾಡಿದ ಫೋಟೋನೂ ಅದೇ ಜಾತಿದು ಅಂತ ಯಾರಿಗೂ ಅನ್ಸಲ್ಲ. ಆ ಆ್ಯಪ್ ಮಸುಕನ್ನ ಒರೆಸಿ ಕೆಳಗಿರೋ ಮುಖ ತೋರ್ಸಲ್ಲ. ಅದು ಸಾವಿರಾರು ಮುಖ ನೋಡಿ ಕಲಿತಿರುತ್ತೆ, ಇಂಥ ಪ್ರೋಗ್ರಾಂಗಳನ್ನ ಕಲಿಸೋಕೆ ತುಂಬಾ ಬಳಸೋ ಒಂದು ಫೋಟೋ ಗುಂಪಲ್ಲೇ 70,000 ಮುಖ ಇದೆ, ಆಮೇಲೆ ನೀವು ಕೊಟ್ಟ ಮಸುಕು ಚುಕ್ಕೆಗಳಿಗೆ ಹೊಂದೋ ಯಾವುದಾದ್ರೂ ಒಂದು ಮುಖ ಬರೆದು ಕೊಡುತ್ತೆ. 2020ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರ ಇಂಥದ್ದೊಂದು ಪ್ರೋಗ್ರಾಂಗೆ ಯಾರೋ ಒಬಾಮಾ ಅವರ ಮಸುಕು ಫೋಟೋ ಹಾಕಿದ್ರೆ ಬಿಳಿ ಮನುಷ್ಯನ ಮುಖ ಬಂತು, ಆಗ ದೊಡ್ಡ ಸುದ್ದಿ ಆಗಿತ್ತು. ಅಷ್ಟು ಪರಿಚಯದ ಮುಖವೇ ಹಂಗಾದ್ರೆ ತೋಟದ ಹುಡುಗನ ಗತಿ ಏನು.

ಮೊದ್ಲು ಫೋಟೋನ ದೊಡ್ಡದು ಮಾಡಿ ನೋಡಿದೆ. ಹುಬ್ಬಿನ ಕೂದಲು ಎಣಿಸಬಹುದು, ಆದ್ರೆ ಒಂದು ಬೆರಳಷ್ಟು ಕೆಳಗೆ ಇಳಿದ್ರೆ ಕಾಲರ್ ಬರೀ ಚೌಕ ಚೌಕ ಮಸುಕು, ತಲೆ ಮೇಲಿನ ಟೋಪಿನೂ ಹಂಗೇ. ಒಂದೇ ಲೆನ್ಸ್, ಒಂದೇ ದೂರ, ಮುಖ ಮಾತ್ರ ಹೆಂಗೆ ಅಷ್ಟು ಚೂಪಾಗುತ್ತೆ? ಕಿವಿ ಹತ್ರ ನೋಡಿದ್ರೆ ಇನ್ನೂ ಸ್ಪಷ್ಟ, ಕೆನ್ನೆ ಕಡೆ ಚರ್ಮ ನುಣ್ಣಗೆ ಬಂದು ಕಿವಿ ಶುರುವಾಗೋ ಜಾಗದಲ್ಲಿ ಕಲಸಿಹೋಗಿದೆ, ಅಲ್ಲಿಗೆ ಆ್ಯಪ್ ಬರೆದಿದ್ದು ಮುಗೀತು ಅಂತ ಅರ್ಥ. ಆಮೇಲೆ ಕಣ್ಣು. ಆ ಕಣದಲ್ಲಿ ರಾತ್ರಿ ಬಲ್ಬ್ ಇಲ್ಲ, ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಮಾತ್ರ, ಆ ಬೆಳಕಲ್ಲಿ ಮನುಷ್ಯರ ಕಣ್ಣಿನ ಪಾಪೆ ಎಷ್ಟೋ ಸಲ ಬೆಳ್ಳಗೆ ಮಿಂಚುತ್ತೆ. ಈ ಫೋಟೋದಲ್ಲಿ ಕಪ್ಪು ಪಾಪೆ, ಅದರಲ್ಲಿ ಕಿಟಕಿ ಬೆಳಕು ಬಿದ್ದಂಗೆ ಪುಟ್ಟ ಬಿಳಿ ಚುಕ್ಕೆ. ಹಗಲು ತೆಗೆದ ಫೋಟೋಗಳಿಂದ ಕಲಿತ ಕಣ್ಣು ಅದು.

ಡೀಪ್‌ಫೇಕ್ ವಿಡಿಯೋಲಿ ಕಣ್ಣು ಮಿಟುಕಿಸಲ್ಲ ನೋಡಿ ಅಂತ ಈಗ್ಲೂ ತುಂಬಾ ಜನ ಹೇಳ್ತಾರೆ, ಅದು 2018ರ ಮಾತು, ಅದನ್ನ ಆಗ್ಲೇ ಸರಿಮಾಡ್ಕೊಂಡ್ರು. ಹಂಗಾಗಿ ನಾನು ಒಂದು ಗುರುತು ನೋಡಿ ತೀರ್ಮಾನ ಮಾಡಲ್ಲ, ಮೂಲ ಫೈಲ್‌ಗೆ ಹೋಗ್ತೀನಿ.

ಮೊಬೈಲಲ್ಲಿ ಕಾಣೋದು ಮೂಲ ಅಲ್ಲ, ಇದು ಕ್ಯಾಮೆರಾ ಇರೋ ಎಲ್ಲರೂ ತಿಳ್ಕೊಬೇಕಾದ್ದು. ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡೋ ಡಬ್ಬಿ, ಅಂದ್ರೆ ಡಿವಿಆರ್, ಎರಡು ಥರ ವಿಡಿಯೋ ಕೊಡುತ್ತೆ, ಮೇನ್ ಸ್ಟ್ರೀಮ್ ಅನ್ನೋದು ಹಾರ್ಡ್‌ಡಿಸ್ಕಲ್ಲಿ ಪೂರ್ತಿ ಸೈಜಲ್ಲಿ ಕೂತಿರುತ್ತೆ, ಸಬ್ ಸ್ಟ್ರೀಮ್ ಅನ್ನೋದು ಮೊಬೈಲ್ ನೆಟ್‌ಗೆ ಅಂತ ಕುಗ್ಗಿಸಿದ್ದು. ಈ ತೋಟದಲ್ಲಿ ಮೇನ್ 1920 x 1080 ಪಿಕ್ಸೆಲ್, ಅಂದ್ರೆ ಚಿತ್ರದ ಚುಕ್ಕೆ, ಸಬ್ 352 x 288. ಕಳ್ಳ ನಿಂತ ಜಾಗದಲ್ಲಿ ಟೇಪ್ ಹಿಡಿದು ಅಳೆದೆ, ಕ್ಯಾಮೆರಾಕ್ಕೆ ಅಲ್ಲಿ ಅಡ್ಡಕ್ಕೆ ಐದು ಮೀಟರ್ ಕಾಣುತ್ತೆ. ಸಬ್ ಸ್ಟ್ರೀಮಲ್ಲಿ 352ನ್ನ ಐದರಿಂದ ಭಾಗಿಸಿದ್ರೆ ಮೀಟರ್‌ಗೆ 70 ಪಿಕ್ಸೆಲ್, ಮನುಷ್ಯನ ಮುಖ ಸುಮಾರು 16 ಸೆಂಟಿಮೀಟರ್ ಅಗಲ, ಅಂದ್ರೆ ಮುಖಕ್ಕೆ ಸಿಕ್ಕಿದ್ದು ಬರೀ 11 ಪಿಕ್ಸೆಲ್. ಪರಿಚಯ ಇಲ್ಲದವರನ್ನ ಗುರುತು ಹಿಡಿಯೋಕೆ ಮೀಟರ್‌ಗೆ 250 ಪಿಕ್ಸೆಲ್ ಬೇಕು ಅಂತ ನಮ್ಮ ಕಸುಬಲ್ಲಿ ಬಹಳ ವರ್ಷದಿಂದ ಬಳಸ್ತಾ ಬಂದ ಅಂತರರಾಷ್ಟ್ರೀಯ ಲೆಕ್ಕ ಇದೆ, ಅಂದ್ರೆ ಮುಖಕ್ಕೆ 40. ಹನ್ನೊಂದರಲ್ಲಿ ಕಣ್ಣಿಗೆ ಎರಡೋ ಮೂರೋ ಚುಕ್ಕೆ, ಬಾಯಿಗೆ ಒಂದು ಗೆರೆ, ಅಷ್ಟೇ. ಗ್ರೂಪಲ್ಲಿ ಓಡ್ತಿದ್ದ ಫೋಟೋದಲ್ಲಿ ಮುಖ 600 ಪಿಕ್ಸೆಲ್ ಮೇಲಿತ್ತು, ಮಿಕ್ಕಿದ್ದೆಲ್ಲಾ ಆ್ಯಪ್ ಸೇರಿಸಿದ್ದು.

ಡಿವಿಆರ್ ಹತ್ರ ಕೂತು ಮೇನ್ ಸ್ಟ್ರೀಮ್ ತೆಗೆದೆ. ಗಡಿಯಾರ ಏಳು ನಿಮಿಷ ಮುಂದಿತ್ತು, ಅದನ್ನ ಮೊದ್ಲು ಮೊಬೈಲ್ ಟೈಮ್ ಜೊತೆ ಇಟ್ಟು ಫೋಟೋ ತೆಗೆದು ಬರೆದಿಟ್ಟೆ. ಲೆಕ್ಕದ ಪ್ರಕಾರ ಇಲ್ಲಿ ಮುಖಕ್ಕೆ ಅರವತ್ತು ಪಿಕ್ಸೆಲ್ ಬರ್ಬೇಕು, ಬಂದಿದೆ, ಆದ್ರೆ ನಡೆಯೋವಾಗ ಎಲ್ಲಾ ಎಳೆದಂಗೆ ಮಸುಕಾಗಿದೆ, ರಾತ್ರಿ ಬೆಳಕು ಸಾಲಲ್ಲ ಅಂತ ಕ್ಯಾಮೆರಾ ಶಟರ್ ನಿಧಾನ ಮಾಡ್ಕೊಂಡಿರುತ್ತೆ. ಅವನು ಮೂಟೆ ಎತ್ತೋಕೆ ಮುಂಚೆ ಒಂದು ಕ್ಷಣ ನಿಂತಿದಾನೆ, ಅಲ್ಲಿ ನಾಲ್ಕೈದು ಫ್ರೇಮ್ ಪರವಾಗಿಲ್ಲ. ಅದನ್ನ ನೋಡಿ ಸಾಹುಕಾರ್ರು ಕುರ್ಚಿ ಎಳ್ಕೊಂಡು ಹತ್ರ ಬಂದ್ರು. ಮಂಕಿ ಕ್ಯಾಪ್, ಅದರ ಮೇಲೆ ಮಫ್ಲರ್ ಮೂಗಿನ ತನಕ ಸುತ್ತಿದಾನೆ. ಬಾಯೇ ಕಾಣಲ್ಲ. ಗ್ರೂಪಿನ ಫೋಟೋದಲ್ಲಿ ತುಟಿ ಇದೆ, ಮೀಸೆ ಇದೆ, ಗಲ್ಲ ಇದೆ. ಹನ್ನೊಂದು ಪಿಕ್ಸೆಲ್‌ಲಿ ಮಫ್ಲರೂ ಚರ್ಮನೂ ಒಂದೇ ಬೂದು ಬಣ್ಣ, ಮಫ್ಲರಿನ ಮಡಿಕೆ ನೆರಳನ್ನ ಆ್ಯಪ್ ಮೀಸೆ ಅಂದ್ಕೊಂಡು ಬರೆದಿದೆ.

ಇಷ್ಟಕ್ಕೂ ರೈಟರಿಗೆ ಸಮಾಧಾನ ಇಲ್ಲ, "ಅಲ್ಲಪ್ಪ, ಕಣ್ಣು ಅವನದೇ ಇದೆಯಲ್ಲ" ಅಂದ್ರು. ಆಗ ಒಂದು ಕೆಲಸ ಮಾಡಿದೆ, ನನ್ನ ಪ್ರಕಾರ ಯಾರಿಗೆ ಬೇಕಾದ್ರೂ ಅರ್ಥ ಆಗೋ ಪರೀಕ್ಷೆ ಇದೇ. ಸಬ್ ಸ್ಟ್ರೀಮಿನ ಅದೇ ಜಾಗದಿಂದ ಒಂದರ ಹಿಂದೆ ಒಂದು ಬರೋ ಮೂರು ಫ್ರೇಮ್ ತೆಗೆದು, ಅದೇ ಆ್ಯಪ್‌ಗೆ ಒಂದೊಂದಾಗಿ ಹಾಕಿದೆ. ಮೂರು ಬೇರೆ ಬೇರೆ ಮನುಷ್ಯರು ಬಂದ್ರು. ಒಬ್ಬನಿಗೆ ಮೀಸೆ, ಒಬ್ಬನಿಗೆ ಇಲ್ಲ, ಮೂರನೆಯವನಿಗೆ ನಲವತ್ತು ವರ್ಷ ಆಗಿರೋ ಥರ ಕೆನ್ನೆ. ಸೆಕೆಂಡಿನ ಒಂದು ಚೂರಲ್ಲಿ ಮನುಷ್ಯ ಬದಲಾಗಲ್ಲ. ಆಮೇಲೆ ರಾತ್ರಿ ಎಂಟಕ್ಕೆ ಸಾಹುಕಾರ್ರನ್ನೇ ಅದೇ ಜಾಗದಲ್ಲಿ ನಿಲ್ಲಿಸಿ, ಮೊಬೈಲಿಂದ ಸ್ಕ್ರೀನ್‌ಶಾಟ್ ತೆಗೆದು ಕ್ಲಿಯರ್ ಮಾಡಿ ಅಮ್ಮಾವ್ರಿಗೆ ತೋರ್ಸಿದ್ವಿ, ಅವರು ಯಾರಿದು ಅಂತ ಕೇಳಿದ್ರು.

ಬಟ್ಟೆ ವಿಚಾರನೂ ಬಂತು. ಡ್ರೈವರ್ ಹತ್ರ ಬಿಳಿ ಶರ್ಟ್ ಇದೆ, ವಿಡಿಯೋದಲ್ಲೂ ಬಿಳಿ ಅಂತ ವಾದ. ಇನ್‌ಫ್ರಾರೆಡಲ್ಲಿ ಬಣ್ಣ ನಂಬೋ ಹಂಗಿಲ್ಲ, ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆ ಆ ಬೆಳಕಿಗೆ ಬೆಳ್ಳಗೆ ಕಾಣುತ್ತೆ. ರೈಟರ ಕಪ್ಪು ಜರ್ಕಿನ್ನೇ ಕ್ಯಾಮೆರಾ ಮುಂದೆ ಹಿಡಿದೆ, ಸುಣ್ಣ ಹಚ್ಚಿದಂಗೆ ಬೆಳ್ಳಗಿತ್ತು, ಅವರು ಸುಮ್ಮನಾದ್ರು.

ಕೊನೆಗೆ ಎತ್ತರ. ಕ್ಯಾಮೆರಾ ಅಲ್ಲಾಡಿಸಿರಲಿಲ್ಲ, ಅದೇ ದೊಡ್ಡ ವಿಷಯ. ಒಂದು ಉದ್ದ ಬಿದಿರು ಕೋಲಿಗೆ ಇಂಚಿನ ಲೆಕ್ಕದಲ್ಲಿ ಬಿಳಿ ಟೇಪ್ ಸುತ್ತಿ, ಕಳ್ಳ ಕಾಲಿಟ್ಟಿದ್ದ ಅದೇ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಅದೇ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿ, ಆ ಫ್ರೇಮನ್ನ ಕಳ್ಳನ ಫ್ರೇಮ್ ಮೇಲೆ ಅರೆಪಾರದರ್ಶಕ ಮಾಡಿ ಇಟ್ಟೆ. ಟೋಪಿ ಸೇರಿ ಐದಡಿ ನಾಲ್ಕಿಂಚು ಬಂತು. ನಿಂತ ಭಂಗಿ, ಚಪ್ಪಲಿ, ಟೋಪಿ ಅಂತ ಎರಡು ಇಂಚು ಹೆಚ್ಚು ಕಮ್ಮಿ ಇಟ್ಕೊಬೇಕು, ಬಗ್ಗಿ ನಿಂತಿದ್ರೆ ಈ ಲೆಕ್ಕ ಮಾಡಲೇಬಾರದು, ಇವನು ನೆಟ್ಟಗೆ ನಿಂತಿದ್ದ ಫ್ರೇಮ್ ಸಿಕ್ಕಿದ್ದು ಪುಣ್ಯ. ಡ್ರೈವರ್ ಹುಡುಗ ಬರಿಗಾಲಲ್ಲೇ ಐದಡಿ ಹತ್ತಿಂಚು. ಯಾರು ಕಳ್ಳ ಅಂತ ಇದು ಹೇಳಲ್ಲ, ಮುಖದಿಂದ ಹೇಳೋಕೂ ಆಗಲ್ಲ, ಇವನಲ್ಲ ಅಂತ ಮಾತ್ರ ಹೇಳುತ್ತೆ. ಅವತ್ತು ಬೇಕಿದ್ದು ಅದೇ.

ಕಂಪ್ಲೇಂಟ್ ಜೊತೆ ಕ್ಲಿಯರ್ ಮಾಡಿದ ಫೋಟೋ ಕೊಡ್ಬೇಡಿ ಅಂತ ಸಾಹುಕಾರ್ರಿಗೆ ಕೈಮುಗಿದು ಹೇಳಿದೆ. ಮೇನ್ ಸ್ಟ್ರೀಮ್ ಫೈಲನ್ನ ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸದೆ ಡಿವಿಆರ್‌ನಿಂದ ನೇರ ಪೆನ್‌ಡ್ರೈವ್‌ಗೆ ಇಳಿಸಿ, ಲ್ಯಾಪ್‌ಟಾಪಲ್ಲಿ ಹ್ಯಾಶ್, ಅಂದ್ರೆ ಫೈಲಿಗೆ ಬೆರಳಚ್ಚಿನಂಥ ಒಂದು ಉದ್ದದ ನಂಬರ್, ತೆಗೆದು ಬರೆದುಕೊಟ್ಟೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟಲ್ಲಿ ಅದನ್ನ ತುಂಬಬೇಕು. ವಿಂಡೋಸಲ್ಲಿ ಇಷ್ಟೇ:

```
certutil -hashfile kana_cam3.avi SHA256
```

ಒಂದು ಅಕ್ಷರ, ಒಂದು ಫ್ರೇಮ್ ಬದಲಾದ್ರೂ ಆ ಉದ್ದದ ನಂಬರ್ ಪೂರ್ತಿ ಬೇರೆ ಆಗುತ್ತೆ. ಇದೆಲ್ಲಾ ಬೇಗ ಮಾಡ್ಬೇಕು, ಅವರ ಹಾರ್ಡ್‌ಡಿಸ್ಕ್ ಹದಿನೈದು ದಿನಕ್ಕೆ ತುಂಬಿ ಹಳೇದರ ಮೇಲೇ ಬರೆಯುತ್ತೆ.

ಸಾಹುಕಾರ್ರ ಮಗ ಅವತ್ತು ರಾತ್ರಿನೇ ಗ್ರೂಪಲ್ಲಿ ಫೋಟೋ ಅಳಿಸಿ, ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಆದ್ರೆ ಎರಡು ವಾರ ಆದ್ಮೇಲೆ ಅದೇ ಫೋಟೋ ಆಲೂರು ಕಡೆಯ ಒಂದು ಗ್ರೂಪಿಂದ ನಂಗೇ ಬಂತು, "ಕಾಫಿ ಕಳ್ಳ, ಎಚ್ಚರ" ಅಂತ ಬರೆದು. ಈ ಸಲ ಕಾಲರು ಟೋಪಿ ಕತ್ತರಿಸಿ ಮುಖ ಮಾತ್ರ ಉಳಿಸಿದಾರೆ, ಹತ್ತಾರು ಕೈಲಿ ಸೇವ್ ಆಗಿ ಮತ್ತೆ ಮತ್ತೆ ಕಳಿಸೋವಾಗ ವಾಟ್ಸಾಪ್ ಕುಗ್ಗಿಸಿ ಕುಗ್ಗಿಸಿ ಹುಬ್ಬಿನ ಚೂಪೂ ಹೋಗಿದೆ, ಕಣ್ಣಿನ ಚುಕ್ಕೆನೂ ಹೋಗಿದೆ, ಈಗ ಅದು ಯಾರೋ ಮೊಬೈಲಲ್ಲಿ ತೆಗೆದ ಸಾಧಾರಣ ಫೋಟೋ ಥರ ಕಾಣುತ್ತೆ. ಅದೊಂದನ್ನೇ ಕೊಟ್ಟು ನಿಜನಾ ಸುಳ್ಳಾ ಅಂತ ಕೇಳಿದ್ರೆ ನಂಗೂ ಹೇಳೋಕಾಗ್ತಿರಲಿಲ್ಲ. ಆ ಮೂರು ಫ್ರೇಮ್, ಮೂರು ಮುಖ, ಪಕ್ಕದಲ್ಲಿ ಮಫ್ಲರ್ ಕಟ್ಟಿದ ಮೂಲ ಚಿತ್ರ ಒಂದೇ ಹಾಳೇಲಿ ಪ್ರಿಂಟ್ ಹಾಕ್ಸಿ ಹುಡುಗನಿಗೆ ಕೊಟ್ಟಿದೀನಿ, ಟ್ರಾಕ್ಟರ್ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡಿದಾನೆ.