ಹೆಸರು ಬದಲಿಸಿ ಓದಿ ನೋಡಿ: ಗೋಡೆ ಮೇಲಿನ ಆ ವಾಕ್ಯ ನಿಮ್ಮದೇನಾ?

ಕೆಲವು ವರ್ಷಗಳ ಹಿಂದೆ ಒಂದು ನರ್ಸಿಂಗ್ ಹೋಮ್‌ಗೆ ಧ್ಯೇಯವಾಕ್ಯ ಬರೆದುಕೊಟ್ಟಿದ್ದೆ. ಮುಂದಿನ ತಿಂಗಳು ಒಂದು ಟೈಲ್ಸ್ ಅಂಗಡಿಯವರು ಕೇಳಿದರು. ಅವಸರದಲ್ಲಿ ಅದೇ ಫೈಲ್ ತೆಗೆದು, ‘ರೋಗಿಗಳು’ ಇದ್ದಲ್ಲಿ ‘ಗ್ರಾಹಕರು’ ಅಂತ ಹಾಕಿ ಕಳಿಸಿಬಿಟ್ಟೆ. ‘ಬಹಳ ಚೆನ್ನಾಗಿದೆ ಸಾರ್’ ಅಂದರು. ಫ್ರೇಮ್ ಹಾಕಿಸಿ ಕೌಂಟರ್ ಹಿಂದೆ ತೂಗುಹಾಕಿದರು. ನಾಚಿಕೆ ಆಗಿದ್ದು ನನಗೊಬ್ಬನಿಗೇ.

ಹಾಗಾಗಿ ಚಳ್ಳಕೆರೆ ಹತ್ತಿರ ಮರದ ಗಾಣ ಇಟ್ಟುಕೊಂಡಿರುವ ಪರಿಚಯದ ದಂಪತಿ ತಮ್ಮ ವ್ಯಾಪಾರಕ್ಕೆ ಧ್ಯೇಯ, ಮುನ್ನೋಟ, ಮೌಲ್ಯ ಬರೆದುಕೊಡಿ ಅಂತ ಕೇಳಿದಾಗ ಬೇರೆ ದಾರಿ ಹಿಡಿದೆ. ಚಳ್ಳಕೆರೆಯನ್ನು ಎಣ್ಣೆ ನಗರಿ ಅಂತಲೇ ಕರೆಯುತ್ತಾರೆ. ಅಲ್ಲಿ ‘ಶುದ್ಧ ಎಣ್ಣೆ, ಗ್ರಾಹಕರ ತೃಪ್ತಿ’ ಅಂತ ಬೋರ್ಡ್ ಹಾಕಿದರೆ ಯಾರು ತಿರುಗಿ ನೋಡುತ್ತಾರೆ?

ಮೊದಲು ಪೆನ್ನು ಮುಟ್ಟಬೇಡಿ

ಕಳೆದ ಒಂದು ವರ್ಷದಲ್ಲಿ ದುಡ್ಡು ಅಥವಾ ಗಿರಾಕಿ ಕೈಬಿಟ್ಟುಹೋಗುತ್ತೆ ಅಂತ ಗೊತ್ತಿದ್ದೂ ‘ಬೇಡ’ ಅಂದ ಸಂದರ್ಭಗಳನ್ನು ಹೇಳಿ ಅಂದೆ. ಇಬ್ಬರೂ ಸುಮ್ಮನೆ ಕೂತರು. ಆಮೇಲೆ ಒಂದೊಂದೇ ಬಂತು. ಬೆಂಗಳೂರಿನ ಅಂಗಡಿಯೊಂದು ಮೂರು ದಿನದಲ್ಲಿ 500 ಲೀಟರ್ ಕೇಳಿತ್ತು. ಗಾಣದಿಂದ ಇಳಿದ ಎಣ್ಣೆಯ ಗಸಿ ತಳ ಕೂರಲು ದಿನಗಳು ಬೇಕು. ಆಗಲ್ಲ ಅಂದರು, ಆರ್ಡರ್ ಹೋಯಿತು. ಇನ್ನೊಮ್ಮೆ ಶೇಂಗಾ ಲೋಡ್‌ನಲ್ಲಿ ಬೂಷ್ಟು ಹಿಡಿದ ಬೀಜ ಸಿಕ್ಕಿತು. ಕಡಿಮೆ ರೇಟಿಗೆ ಕೊಡ್ತೀನಿ ಅಂದರೂ ವಾಪಸ್ ಕಳಿಸಿದರು. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಬರುತ್ತೆ. ಸ್ವಲ್ಪ ಎಣ್ಣೆಗೆ, ಹೆಚ್ಚಿನ ಪಾಲು ಹಿಂಡಿಗೆ ಇಳಿಯುತ್ತೆ. ಹಿಂಡಿ ತಿಂದ ಹಸುವಿನ ಹಾಲಿನಲ್ಲೂ ಅದರ ಅಂಶ ಕಾಣಿಸಿಕೊಳ್ಳುತ್ತೆ. ಮೂರನೆಯದು ಹಿಂಡಿಯದೇ ಕಥೆ. ವ್ಯಾಪಾರಿ ಜಾಸ್ತಿ ಕೊಡ್ತೀನಿ ಅಂದರೂ, ಶೇಂಗಾ ಕೊಟ್ಟ ರೈತರಿಗೇ ಮೊದಲು ಅಂತ ಇಟ್ಟಿದ್ದರು.

ಈ ಮೂರು ಸಂಗತಿ ಸಿಕ್ಕಿದ ಮೇಲೆ ಅರ್ಧ ಕೆಲಸ ಮುಗಿಯಿತು. ಒಂದೂ ಸಿಗಲಿಲ್ಲ ಅಂದರೆ ಇನ್ನಷ್ಟು ದಿನ ವ್ಯಾಪಾರ ಮಾಡಿ, ಆಮೇಲೆ ಬರೆಯಿರಿ.

ಧ್ಯೇಯ: ಯಾವುದನ್ನು ಮಾಡುವುದಿಲ್ಲ ಅಂತಲೂ ಹೇಳಲಿ

ಧ್ಯೇಯ ಅಂದರೆ ಇವತ್ತು ಯಾರಿಗೆ ಏನು ಮಾಡಿಕೊಡುತ್ತೀರಿ ಅನ್ನೋದು. ನನಗೆ ಯಾವಾಗಲೂ ನೆನಪಾಗುವುದು ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ್ದು. ತಡೆಯಬಹುದಾದ ಕುರುಡನ್ನು ಇಲ್ಲವಾಗಿಸುವುದು ಅದರ ಧ್ಯೇಯ. ‘ತಡೆಯಬಹುದಾದ’ ಅನ್ನೋ ಒಂದು ಪದ ನೋಡಿ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಿಂದ ಹೋಗುತ್ತೆ. ಅಂದರೆ ದುಡ್ಡಿಲ್ಲ ಅಂತ ಯಾರಾದರೂ ಕುರುಡಾಗಿ ಉಳಿದರೆ ಅದು ತಡೆಯಬಹುದಾಗಿದ್ದ ಕುರುಡೇ. ಆ ಪದದ ಹಿಂದೆ ಹೋದರೆ ಉಚಿತ ಚಿಕಿತ್ಸೆಯೂ ಬರುತ್ತೆ, ಕಣ್ಣೊಳಗೆ ಕೂರಿಸುವ ಲೆನ್ಸ್ ಅಗ್ಗವಾಗಿ ಸಿಗಲಿ ಅಂತ 1992ರಲ್ಲಿ ಅವರೇ ಶುರು ಮಾಡಿದ ಅರೋಲ್ಯಾಬ್ ಕಾರ್ಖಾನೆಯೂ ಬರುತ್ತೆ. ‘ಅತ್ಯುತ್ತಮ ನೇತ್ರ ಸೇವೆ’ ಅಂತ ಬರೆದಿದ್ದರೆ ಲೆನ್ಸ್ ಕಾರ್ಖಾನೆಯವರೆಗೆ ದಾರಿ ಕಾಣುತ್ತಿತ್ತೇ?

ಗಾಣದವರ ಧ್ಯೇಯ ಕೊನೆಗೆ ಹೀಗೆ ಬಂತು: ‘ಸುತ್ತಲಿನ ರೈತರಿಂದ ನೇರವಾಗಿ ಶೇಂಗಾ ಕೊಂಡು, ಮರದ ಗಾಣದಲ್ಲಿ ಆಡಿಸಿ, ಯಾವ ಊರಿನ ಕಾಯಿ, ಯಾವ ದಿನ ಆಡಿಸಿದ್ದು ಅಂತ ಡಬ್ಬಿ ಮೇಲೆ ಬರೆದು, ಮನೆ ಅಡುಗೆಗೆ ಮಾರುತ್ತೇವೆ. ಬೇರೆ ಎಣ್ಣೆ ಬೆರೆಸುವುದಿಲ್ಲ. ಹೋಟೆಲ್‌ಗೆ ಟಿನ್ ಲೆಕ್ಕದಲ್ಲಿ ಕೊಡುವುದಿಲ್ಲ.’ ಇದನ್ನು ಪಕ್ಕದ ಮಿಲ್ಲಿನವರ ಹೆಸರು ಹಾಕಿ ಓದಿದೆವು. ಎರಡನೇ ಸಾಲಿಗೇ ಸುಳ್ಳಾಯಿತು. ಅಷ್ಟು ಸಾಕು.

ಮುನ್ನೋಟ: ಕಣ್ಣಿಗೆ ಕಾಣಬೇಕು, ಲೆಕ್ಕಕ್ಕೂ ಸಿಗಬೇಕು

‘ನಂಬರ್ ಒನ್ ಆಗುವುದು’ ಅನ್ನೋದು ಮುನ್ನೋಟ ಅಲ್ಲ. ಒಂದು ಇಸವಿ ಹಾಕಿ, ಆ ದಿನ ಬಾಗಿಲಲ್ಲಿ ನಿಂತರೆ ಏನು ಕಾಣುತ್ತೆ ಅಂತ ಬರೆಯಿರಿ. ಇವರ ವಾಕ್ಯ: ‘2032ರಲ್ಲಿ 150 ರೈತರು ಮಾರುಕಟ್ಟೆಗೆ ಗಾಡಿ ಕಟ್ಟುವ ಮೊದಲು ನಮಗೆ ಫೋನ್ ಮಾಡುತ್ತಾರೆ.’ ಈಗ ಕೊಡುವವರು ಸುಮಾರು 40 ಜನ.

ಚೆನ್ನಾಗಿದೆ, ಆದರೆ ಆಗೋ ಮಾತಾ? ಲೆಕ್ಕ ಹಾಕಿದೆವು. ಒಬ್ಬರು ಹತ್ತು ಕ್ವಿಂಟಲ್ ಕಾಯಿ ಕೊಟ್ಟರೆ 1,500 ಕ್ವಿಂಟಲ್. ಸಿಪ್ಪೆ ಹೋದರೆ ಬೀಜ ಸುಮಾರು 1,050 ಕ್ವಿಂಟಲ್. ಒಂದು ಲೀಟರ್ ಎಣ್ಣೆಗೆ ಎರಡೂವರೆ ಕಿಲೋ ಬೀಜ ಹಿಡಿದರೆ ವರ್ಷಕ್ಕೆ 42,000 ಲೀಟರ್. ಅವರದೊಂದು ಗಾಣ ದಿನಕ್ಕೆ 50 ಲೀಟರ್ ಇಳಿಸುತ್ತೆ. 300 ದಿನ ಓಡಿಸಿದರೂ ಇಂಥ ಮೂರು ಗಾಣ ಬೇಕು. ಅದೇನೂ ದೊಡ್ಡ ಮಾತಲ್ಲ. ತೊಡಕು ಬೇರೆಯೇ ಇತ್ತು: ಮುಂಗಾರಿನ ಬೆಳೆ ಕೆಲವೇ ವಾರಗಳಲ್ಲಿ ಬಂದು ಬೀಳುತ್ತೆ, ಎಣ್ಣೆ ಮಾತ್ರ ವರ್ಷಪೂರ್ತಿ ಮಾರಬೇಕು. ಅಷ್ಟು ಕಾಯಿಯನ್ನು ಒಣಗಿಸಿ, ತೇವ ತಾಗದಂತೆ ಇಡಲು ಗೋದಾಮು ಇಲ್ಲದಿದ್ದರೆ ಮತ್ತೆ ಅದೇ ಬೂಷ್ಟು. ಸಾಲ ಮಾಡಿ ಎರಡನೇ ಗಾಣ ತರುವ ಯೋಚನೆಯಲ್ಲಿದ್ದರು. ಈಗ ಮೊದಲು ಗೋದಾಮು ಅಂತಿದ್ದಾರೆ.

ಮೌಲ್ಯ: ಬೆಲೆ ತೆತ್ತದ್ದನ್ನು ಮಾತ್ರ ಬರೆಯಿರಿ

ಇಲ್ಲೇ ಎಲ್ಲರೂ ಜಾರುವುದು. ಅಮೆರಿಕದ ಎನ್ರಾನ್ ಕಂಪನಿ ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಅಂತ ನಾಲ್ಕು ಮೌಲ್ಯ ಇಟ್ಟುಕೊಂಡಿತ್ತು. ಲೆಕ್ಕಪತ್ರದ ಮೋಸ ಹೊರಬಿದ್ದು 2001ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಪದಗಳಲ್ಲಿ ತಪ್ಪೇನೂ ಇರಲಿಲ್ಲ. ಅವು ಯಾರ ಕೈಯನ್ನೂ ಕಟ್ಟಲಿಲ್ಲ, ಅಷ್ಟೇ.

ಒಂದು ಪರೀಕ್ಷೆ ಇದೆ. ಬರೆದದ್ದನ್ನು ತಿರುಗಿಸಿ ಓದಿ. ‘ನಾವು ಅಪ್ರಾಮಾಣಿಕರು’ ಅಂತ ಯಾವ ಕಂಪನಿಯೂ ಬರೆಯುವುದಿಲ್ಲ. ಹಾಗಿದ್ದ ಮೇಲೆ ಪ್ರಾಮಾಣಿಕತೆ ಇದ್ದೇ ಇರಬೇಕಾದ ಗುಣ, ನಿಮ್ಮ ಗುರುತಲ್ಲ. ಆದರೆ ‘ಗಸಿ ತಳ ಕೂರುವವರೆಗೆ ಮಾರುವುದಿಲ್ಲ, ಆರ್ಡರ್ ಹೋದರೂ ಸರಿ’ ಅನ್ನೋದನ್ನು ತಿರುಗಿಸಿ. ‘ಫಿಲ್ಟರ್ ಹಾಕಿ ಕೇಳಿದ ದಿನವೇ ಕೊಡುತ್ತೇವೆ’ ಆಗುತ್ತೆ. ಅದೂ ಮರ್ಯಾದೆಯ ವ್ಯಾಪಾರವೇ. ಎರಡರಲ್ಲಿ ಒಂದನ್ನು ಆರಿಸಿದ್ದೀರಿ ಅಂತಾಯಿತು.

ಬೂಷ್ಟಿನ ವಿಷಯ ಈ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಬೂಷ್ಟು ಬೀಜ ಆಡಿಸುತ್ತೇವೆ ಅಂತ ಯಾರು ಬೋರ್ಡ್ ಹಾಕುತ್ತಾರೆ? ಆದರೆ ಅವರ ಹತ್ತಿರ ಬೇರೆಯವರಲ್ಲಿ ಇಲ್ಲದ್ದೊಂದು ಇತ್ತು: ಚೀಲ ವಾಪಸ್ ಕಳಿಸುವ ನಿರ್ಧಾರ ಗಾಣದ ಮುಂದೆ ನಿಂತವನದು, ಮಾಲೀಕರನ್ನು ಕೇಳಬೇಕಿಲ್ಲ. ಹಾಗೇ ಬರೆದೆವು. ಹಿಂಡಿ ಮೊದಲು ರೈತರಿಗೆ ಅನ್ನೋದು ಮೂರನೆಯದು.

‘ನಾವೆಲ್ಲ ಒಂದೇ ಕುಟುಂಬ’ ಅಂತಲೂ ಹಾಕೋಣ ಅಂದರು ಆಕೆ. ಗಾಣ ನೋಡಿಕೊಳ್ಳುವ ಹುಡುಗ ನಕ್ಕ. ‘ಅಕ್ಕಾ, ದೀಪಾವಳಿ ದಿನ ಕೆಲಸಕ್ಕೆ ಕರೆದಿದ್ರಿ.’ ಹೊಡೆದುಹಾಕಿದೆವು.

ಕೊನೆಗೆ ಹಾಳೆಯನ್ನು ಕೆಲಸದವರ ಕೈಗೆ ಕೊಡಿ

ಮಾಲೀಕರು ಮೆಚ್ಚಿದರೆ ಸಾಲದು. ಆ ಹುಡುಗನಿಗೇ ಕೇಳಿದೆ: ‘ನಾಳೆ ಮದುವೆ, 50 ಲೀಟರ್ ಬೇಕು ಅಂತ ಫೋನ್ ಬಂತು. ಏನು ಹೇಳ್ತೀಯಪ್ಪಾ?’ ಹಾಳೆ ನೋಡಿದ. ‘ತಳ ಕೂತಿರೋದು ಇಪ್ಪತ್ತಿದೆ, ಅಷ್ಟು ಕೊಡ್ತೀನಿ. ಮಿಕ್ಕಿದ್ದು ಬೇರೆ ಕಡೆ ನೋಡ್ಕೊಳ್ಳಿ ಅಂತೀನಿ.’ ಸರಿ. ‘ಹೋಟೆಲ್‌ನವರು ಬಂದರೆ?’ ‘ಇಲ್ಲ ಅಂತ ಬರೆದೇ ಇದೆಯಲ್ಲ ಸಾರ್.’

ಆಮೇಲೆ ಅವನೇ ಕೇಳಿದ: ‘ಯಾರಾದರೂ ಮನೆಯ ಕೊಬ್ಬರಿ ತಂದು ಆಡಿಸಿಕೊಡಿ ಅಂದ್ರೆ?’ ಹಾಳೆಯಲ್ಲಿ ಉತ್ತರ ಇರಲಿಲ್ಲ. ಕೊಬ್ಬರಿ ವಾಸನೆ ಶೇಂಗಾ ಎಣ್ಣೆಗೆ ಬರುತ್ತೆ ಅಂತ ಗಂಡ, ಬಂದವರನ್ನು ಬರಿಗೈಲಿ ಕಳಿಸೋದು ಹೇಗೆ ಅಂತ ಹೆಂಡತಿ. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಆಕೆ ಪೆನ್ನು ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದರು: ‘ಶನಿವಾರ ಮಾತ್ರ, ಕೂಲಿಗೆ. ಸಂಜೆ ಗಾಣ ತೊಳೆದ ಮೇಲೆ ಹುಡುಗ ಮನೆಗೆ.’