ಗೌರಿ ಮುಂದೆ, ಗಣಪ ಹಿಂದೆ: ಕ್ಯಾಲೆಂಡರ್ ನೋಡುವ ಬಗೆ

ಶ್ರಾವಣ ಮುಗಿಯುವ ಮೊದಲೇ ಮನೆಯ ಹೆಣ್ಣುಮಕ್ಕಳಿಂದ ಫೋನು ಶುರುವಾಗುತ್ತದೆ. ಗೌರಿ ಯಾವತ್ತು, ಬಾಗಿನ ಯಾವತ್ತು, ಬಸ್ ಟಿಕೆಟ್ ಯಾವ ದಿನಕ್ಕೆ ಮಾಡಿಸಲಿ ಎಂದು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಬರೆದಿಡುವುದೇ ವಾಸಿ. ಅದರಲ್ಲೂ 2026ರ ಹಬ್ಬಕ್ಕೆ ಇದು ಬೇಕೇ ಬೇಕು, ಏಕೆಂದರೆ ಆ ವರ್ಷ ತಾಯಿ ಮಗ ಇಬ್ಬರೂ ಒಂದೇ ದಿನ ಬರುತ್ತಾರೆ.

ಗೌರಿ ಏಕೆ ಮುಂಚಿನ ದಿನ ಎಂದು ಮಕ್ಕಳು ಕೇಳಿದರೆ ನಾವೆಲ್ಲ ಹೇಳುವ ಕಥೆ ಒಂದೇ. ಗೌರಮ್ಮ ಭಾದ್ರಪದದ ತದಿಗೆಯಂದು ತವರಿಗೆ ಬರುತ್ತಾಳೆ, ಮಾರನೆಯ ದಿನ ಮಗ ಗಣಪ ಅವಳನ್ನು ಕೈಲಾಸಕ್ಕೆ ಕರೆದೊಯ್ಯಲು ಬರುತ್ತಾನೆ. ತವರಿನಿಂದ ಮೊರದ ಬಾಗಿನ ಬರುವುದೂ, ಬಾಗಿನದ ಹಣ ಬರುವುದೂ ಈ ಕಥೆಯ ನೆರಳಿನಲ್ಲೇ. ಆದರೆ ಪಂಚಾಂಗದಲ್ಲಿ ಇನ್ನೊಂದು ಕಾರಣವೂ ಇದೆ. ಒಂದೊಂದು ತಿಥಿಗೂ ಒಬ್ಬೊಬ್ಬ ದೇವತೆ. ತದಿಗೆ ಗೌರಿಯದು, ಚೌತಿ ಗಣಪನದು, ಪಂಚಮಿ ನಾಗನದು, ಷಷ್ಠಿ ಸುಬ್ರಹ್ಮಣ್ಯನದು. ನಾಗರ ಪಂಚಮಿ, ಸುಬ್ರಹ್ಮಣ್ಯ ಷಷ್ಠಿ, ತಿಂಗಳಿಗೊಮ್ಮೆ ಬರುವ ಸಂಕಷ್ಟಿ, ಎಲ್ಲವೂ ಇದೇ ಸಾಲಿನವು. ಆ ಸಾಲಿನಲ್ಲಿ ತಾಯಿ ಮೂರನೆಯವಳು, ಮಗ ನಾಲ್ಕನೆಯವನು. ಹಾಗಾಗಿ ಭಾದ್ರಪದ ಎಲ್ಲಿಗೆ ಸರಿದರೂ ಇವರಿಬ್ಬರೂ ಜೊತೆಯಾಗಿಯೇ ಸರಿಯುತ್ತಾರೆ.

ಸರಿಯುವುದು ಹೇಗೆಂದರೆ, ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ನಮ್ಮ ಕ್ಯಾಲೆಂಡರಿಗಿಂತ ಹನ್ನೊಂದು ದಿನ ಕಡಿಮೆ. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಹೀಗೇ ಬಿಟ್ಟರೆ ಹಬ್ಬ ಬೇಸಿಗೆಗೆ ಹೋಗಿ ಕೂರುತ್ತದೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಹಬ್ಬವನ್ನು ಮುಂದಕ್ಕೆ ತಳ್ಳುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಬಂದಿದೆ, ಹಿಂದಿನ ವರ್ಷಕ್ಕಿಂತ ಹದಿನೆಂಟು ದಿನ ತಡ. ಒಂದು ಎಚ್ಚರಿಕೆ ಇರಲಿ: ಅಧಿಕ ಮಾಸ ಇದ್ದ ವರ್ಷವೇ ಹಬ್ಬ ತಡವಾಗುತ್ತದೆ ಎಂದುಕೊಳ್ಳಬೇಡಿ. ಅದು ಭಾದ್ರಪದಕ್ಕಿಂತ ಮೊದಲು ಬಂದರೆ ಮಾತ್ರ ಹಾಗೆ. 2020ರಲ್ಲಿ ಅಧಿಕ ಆಶ್ವಯುಜ ಬಂದಿತ್ತು, ಹಬ್ಬ ಮುಗಿದ ಮೇಲೆ. ಆ ವರ್ಷ ಚೌತಿ ಆಗಸ್ಟ್ 22ಕ್ಕೇ ಆಗಿಹೋಯಿತು, ತಳ್ಳಿದ್ದು ಕಂಡದ್ದು ಮರುವರ್ಷ, ಸೆಪ್ಟೆಂಬರ್ 10ರಂದು.

ಇನ್ನು ಎಲ್ಲರೂ ಎಡವುವ ಜಾಗ. ತಿಥಿ ಎಂದರೆ ನಡುರಾತ್ರಿಗೆ ಬದಲಾಗುವ ತಾರೀಖಲ್ಲ. ಅದು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ಬೇಕಾದರೂ ಶುರುವಾಗಬಹುದು. ಜೊತೆಗೆ ಇಬ್ಬರಿಗೂ ನೋಡುವ ಹೊತ್ತು ಬೇರೆ ಬೇರೆ. ಗೌರಿಗೆ ಸೂರ್ಯೋದಯದಲ್ಲಿ ತದಿಗೆ ಇರಬೇಕು. ಬಿದಿಗೆ ಸೋಕಿದ ತದಿಗೆ ಅವಳಿಗೆ ಬೇಡ, ಚೌತಿ ಸೇರಿದ ತದಿಗೆಯೇ ಶ್ರೇಷ್ಠ. ಗಣಪನಿಗೆ ಮಧ್ಯಾಹ್ನದಲ್ಲಿ ಚೌತಿ ಇರಬೇಕು. ಮಧ್ಯಾಹ್ನ ಎಂದರೆ ಹಗಲನ್ನು ಐದು ಪಾಲು ಮಾಡಿದಾಗ ಮೂರನೆಯ ಪಾಲು, ನಮ್ಮಲ್ಲಿ ಆ ದಿನಗಳಲ್ಲಿ ಹನ್ನೊಂದರಿಂದ ಒಂದೂವರೆಯ ತನಕ.

2025ನ್ನೇ ತೆಗೆದುಕೊಳ್ಳಿ. ಆಗಸ್ಟ್ 26ರ ಮಧ್ಯಾಹ್ನ ಎರಡು ಗಂಟೆಯ ಹತ್ತಿರ ತದಿಗೆ ಮುಗಿದು ಚೌತಿ ಶುರುವಾಯಿತು. ಬೆಳಗ್ಗೆ ತದಿಗೆ ಇದ್ದುದರಿಂದ 26 ಗೌರಿಗೆ. ಆದರೆ ಗಣಪನ ಹೊತ್ತು ಕಳೆದ ಮೇಲೆ ಚೌತಿ ಬಂದದ್ದರಿಂದ ಅವನು 27ಕ್ಕೆ. ಎಂದಿನಂತೆ ಎರಡು ದಿನ. ಅಂದ ಹಾಗೆ, ಅಂಥ ವರ್ಷ ಗೌರಿ ಹಬ್ಬದ ಸಂಜೆಯೇ ಚೌತಿಯ ಚಂದ್ರ ಇರುತ್ತಾನೆ. ನಮ್ಮ ಮನೆಯಂತೆ ಚಂದ್ರನನ್ನು ನೋಡದಿರುವ ಪದ್ಧತಿ ಇದ್ದವರು ಆ ಸಂಜೆಯೂ ತಲೆ ತಗ್ಗಿಸಿಯೇ ಇರಬೇಕು.

2026ರಲ್ಲಿ ಸೆಪ್ಟೆಂಬರ್ 14, ಸೋಮವಾರ. ಬೆಳಗ್ಗೆ ಏಳು ಗಂಟೆ ದಾಟುತ್ತಿದ್ದಂತೆ ತದಿಗೆ ಮುಗಿಯುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಆರು ಕಳೆದು ಏಳೆಂಟು ನಿಮಿಷಕ್ಕೆ. ಅಂದರೆ ಉದಯದ ಮೇಲೆ ತದಿಗೆ ಉಳಿಯುವುದು ಗಂಟೆಯೊಳಗೆ, ಎರಡು ಘಳಿಗೆ ಚಿಲ್ಲರೆ. ಗೌರಿ ವ್ರತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ತದಿಗೆ ಸಿಕ್ಕರೆ ಸಾಕು ಎಂಬುದು ಶಾಸ್ತ್ರದ ಮಾತು. ಹಾಗಾಗಿ ಗೌರಿ ಅಂದೇ. ಚೌತಿ ಮರುದಿನ ಬೆಳಗ್ಗೆ ಎಂಟರೊಳಗೆ ಮುಗಿದುಹೋಗುವುದರಿಂದ ಮಧ್ಯಾಹ್ನದ ಚೌತಿ ಸಿಗುವುದೂ 14ಕ್ಕೇ. ಕರಾವಳಿಯಲ್ಲಿ ಸೂರ್ಯ ಹತ್ತು ನಿಮಿಷ ತಡ, ಅಲ್ಲಿ ಈ ಎರಡು ಘಳಿಗೆಯ ಲೆಕ್ಕ ಅಂಚಿಗೆ ಬಂದು ನಿಲ್ಲುತ್ತದೆ. ನಿಮ್ಮ ಮನೆತನದ ಪಂಚಾಂಗ ಏನು ಹೇಳುತ್ತದೋ ನೋಡಿಯೇ ನಿಶ್ಚಯಿಸಿ. ಬೇರೆ ಊರಿನ ಬಂಧುಗಳ ಕ್ಯಾಲೆಂಡರ್ ಹಿಡಿದು ಜಗಳ ಕಾಯಬೇಡಿ. 2023ರಲ್ಲಿ ಹಾಗೇ ಆಯಿತು. ಸೆಪ್ಟೆಂಬರ್ 18ರ ಹನ್ನೆರಡೂವರೆ ದಾಟಿ ಚೌತಿ ಶುರುವಾಗಿ 19ರ ಮಧ್ಯಾಹ್ನ ಮುಗಿಯಿತು. ಎರಡೂ ದಿನ ಗಣಪನ ಹೊತ್ತಿಗೆ ಚೌತಿ ಸಿಕ್ಕಿತು. ತದಿಗೆ ಸೇರಿದ್ದೇ ಮೇಲು ಎಂದವರು 18ಕ್ಕೆ, ಪೂರ್ತಿ ಮಧ್ಯಾಹ್ನ ಬೇಕು ಎಂದವರು 19ಕ್ಕೆ ಮಾಡಿದರು. ಇಬ್ಬರದೂ ಲೆಕ್ಕ ತಪ್ಪಿರಲಿಲ್ಲ.

ಒಂದೇ ದಿನ ಎಂದಮೇಲೆ ಅಡುಗೆಮನೆಯ ಕೆಲಸವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಭಾನುವಾರ ಮಧ್ಯಾಹ್ನದೊಳಗೆ ಬಾಗಿನದ ಮೊರಗಳಿಗೆ ಅರಿಶಿನ ಬಳಿದು ಒಣಗಿಸಿ, ಅಕ್ಕಿ, ಬೇಳೆ, ಬೆಲ್ಲ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆಕಣ ತುಂಬಿ ಮುಚ್ಚಿಡಿ. ಹದಿನಾರು ಗಂಟಿನ ದಾರವನ್ನೂ ಆಗಲೇ ಕಟ್ಟಿಟ್ಟುಕೊಳ್ಳಿ, ಮುಂಜಾನೆಯ ಗಡಿಬಿಡಿಯಲ್ಲಿ ಗಂಟು ಎಣಿಸುವುದು ತಪ್ಪುತ್ತದೆ. ಗೌರಿ, ಗಣಪ ಇಬ್ಬರಿಗೂ ಒಂದೇ ಮಂಟಪ ಸಾಕು. ಸೋಮವಾರ ಸೂರ್ಯ ಹುಟ್ಟುವಾಗ ಗೌರಿಗೆ ಕಲಶ ಇಟ್ಟು ಪೂಜೆ ಆರಂಭಿಸಿದರೆ ಏಳರೊಳಗೆ ದಾರ ಪೂಜೆಯ ತನಕ ತಲುಪುತ್ತೀರಿ. ಏಳು ದಾಟಿತು ಎಂದು ಕಂಗಾಲಾಗಬೇಕಿಲ್ಲ, ಉದಯಕ್ಕೆ ಸಿಕ್ಕ ತಿಥಿ ಆ ದಿನದ ವ್ರತಕ್ಕೆ ನಡೆಯುತ್ತದೆ. ಗಣಪನ ಪೂಜೆಯನ್ನು ಮಾತ್ರ ಬೆಳಗ್ಗೆಯೇ ಮುಗಿಸಿಬಿಡುವ ಆತುರ ಮಾಡಬೇಡಿ. ಹನ್ನೊಂದರ ತನಕ ಸಮಯ ಇದೆ, ಆ ನಡುವೆ ಕಡುಬು ಹಬೆಗೆ ಇಡಬಹುದು. ಒಬ್ಬಟ್ಟಿನ ಹೂರಣ ಹಿಂದಿನ ರಾತ್ರಿಯೇ ರುಬ್ಬಿದ್ದರೆ ಒಲೆ ಖಾಲಿ ಸಿಗುತ್ತದೆ.

ಕಳುಹಿಸುವ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಮಂಗಳವಾರ, ಶುಕ್ರವಾರ ಹೆಣ್ಣುಮಗಳನ್ನು ಮನೆಯಿಂದ ಕಳುಹಿಸದ ಪದ್ಧತಿ ಅನೇಕ ಮನೆಗಳಲ್ಲಿದೆ. ಹಬ್ಬದ ಮರುದಿನ ಬಿಡುವವರಿಗೆ 2026ರಲ್ಲಿ ಅದು ಮಂಗಳವಾರ. ಅಂಥವರು ಒಂದೋ ಸೋಮವಾರ ಸಂಜೆ ಆರತಿ ಮಾಡಿ ಬಿಡಬೇಕು, ಇಲ್ಲವೇ ಬುಧವಾರದ ತನಕ ಗೌರಮ್ಮನನ್ನು ಇರಿಸಿಕೊಂಡು ನೈವೇದ್ಯಕ್ಕೆ ಇನ್ನೆರಡು ದಿನದ ಸಾಮಾನು ತಂದಿಟ್ಟುಕೊಳ್ಳಬೇಕು.